6ನೆಯ ತರಗತಿಯ ಭಿನ್ನರಾಶಿ ಡೆಮೊ ಪಾಠ: “ತಪ್ಪು, ಕುಳಿತುಕೊ” ಎಂದದ್ದೇ ತಪ್ಪಾಯಿತೇ?

ಸಿಂದಗಿಯ ಹೊಸ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಾನು ಬಿ.ಎಸ್‌ಸಿ., ಬಿ.ಇಡಿ. ಮುಗಿಸಿದ್ದು, ಕಳೆದ ವಾರ ವಿಜಯಪುರದ ಒಂದು ಖಾಸಗಿ ಶಾಲೆಯ ಸಂದರ್ಶನಕ್ಕೆ ಹೋಗಿದ್ದೆ. 6ನೆಯ ತರಗತಿಯ ಭಿನ್ನರಾಶಿಗಳ ಸಂಕಲನವನ್ನು ಹದಿನೈದು ನಿಮಿಷಗಳಲ್ಲಿ ಬೋಧಿಸಿ ತೋರಿಸಬೇಕಿತ್ತು. ಮಕ್ಕಳು ಇರಲಿಲ್ಲ. ಮುಖ್ಯೋಪಾಧ್ಯಾಯರು, ಒಬ್ಬ ಹಿರಿಯ ಗಣಿತ ಶಿಕ್ಷಕಿ ಮತ್ತು ಆಡಳಿತ ಮಂಡಳಿಯ ಒಬ್ಬ ಸದಸ್ಯರು ಬೆಂಚಿನ ಮೇಲೆ ಕುಳಿತು ವಿದ್ಯಾರ್ಥಿಗಳ ಪಾತ್ರ ವಹಿಸಿದ್ದರು.

ಪೀಠಿಕೆ, ಸಮಛೇದ ಭಿನ್ನರಾಶಿಗಳು, ಅವುಗಳ ಸಂಕಲನ ಎಲ್ಲವೂ ಸರಿಯಾಗಿಯೇ ನಡೆಯಿತು. ಅನಂತರ ನಾನು 1/2 + 1/3 ಎಷ್ಟು ಎಂದು ಕೇಳಿದಾಗ ಆ ಗಣಿತ ಶಿಕ್ಷಕಿ ಎದ್ದು ನಿಂತು “2/5, ಟೀಚರ್” ಎಂದರು. ನಾನು “ತಪ್ಪು, ಕುಳಿತುಕೊ. ಬೇರೆ ಯಾರು ಹೇಳುತ್ತೀರಿ?” ಎಂದು ಕೇಳಿ, ಯಾರೂ ಹೇಳದಿದ್ದಾಗ ಲ.ಸಾ.ಅ. ತೆಗೆಯುವ ಕ್ರಮವನ್ನು ಹಲಗೆಯ ಮೇಲೆ ಬರೆದು 5/6 ಎಂದು ಉತ್ತರ ಬರಿಸಿದೆ. ಪಾಠ ಮುಗಿದ ಮೇಲೆ ಅವರು, “2/5 ಎಂದ ಮಗು ಈಗ ಏನು ಯೋಚಿಸುತ್ತಿದೆ?” ಎಂದು ಕೇಳಿದರು. ಹಲಗೆಯನ್ನು ನೋಡಿ ತಿದ್ದಿಕೊಂಡಿರುತ್ತದೆ ಎಂದೆ. ಮುಂದಿನ ಪ್ರಶ್ನೆ, ನಾನು ಹಲಗೆಯ ಮೇಲೆ ಬರೆಯುವಾಗ ಹಿಂದಿನ ಬೆಂಚಿನ ಇಬ್ಬರು ಮಾತನಾಡುತ್ತಿದ್ದರೆ ಏನು ಮಾಡುತ್ತೀರಿ ಎಂಬುದು. ಅವರ ಜಾಗ ಬದಲಾಯಿಸುತ್ತೇನೆ ಎಂದೆ. ಆಯ್ಕೆಯಾಗಲಿಲ್ಲ.

ಬರುವ ಶನಿವಾರ ಬಾಗಲಕೋಟೆಯಲ್ಲಿ ಇನ್ನೊಂದು ಸಂದರ್ಶನವಿದ್ದು, ಅಲ್ಲಿಯೂ ಇದೇ ಪಾಠವನ್ನು ಕೊಟ್ಟಿದ್ದಾರೆ. ನನ್ನ ಗಣಿತದಲ್ಲಿ ದೋಷವಿರಲಿಲ್ಲ. ಹಾಗಾದರೆ ಎಲ್ಲಿ ಎಡವಿದೆ?

ನವನಗರದವರು

ನೀವು ಎಲ್ಲಿಯೂ ಎಡವಿಲ್ಲ, ತಂಗಿ. ಅನೇಕ ಕಡೆ ಯಾರನ್ನು ತೆಗೆದುಕೊಳ್ಳಬೇಕೆಂಬುದು ಮೊದಲೇ ನಿಶ್ಚಯವಾಗಿರುತ್ತದೆ. ಡೆಮೊ ಎಂಬುದು ಕಡತಕ್ಕೆ ಬೇಕಾದ ಒಂದು ಹಾಳೆ ಮಾತ್ರ.

ಮುದ್ದೇಬಿಹಾಳದ ಅಭ್ಯರ್ಥಿ

ಟಿಇಟಿ ಪಾಸಾದವರಿಗೂ ಡೆಮೊ ಇರುತ್ತದೆಯೇ? ಪ್ರಾಥಮಿಕ ಶಾಲೆಯ ಪದವೀಧರ ಶಿಕ್ಷಕರ ನೇಮಕಾತಿಯಲ್ಲಿ ಇದಕ್ಕೆ ಎಷ್ಟು ಅಂಕಗಳೆಂದು ಯಾರಾದರೂ ತಿಳಿಸಿ.

ಖಾನಾಪುರದ ಅಕ್ಕೋರು

ಅಭ್ಯರ್ಥಿಗಳೇ, ಇಲ್ಲಿ ಮಾತು ಖಾಸಗಿ ಶಾಲೆಯದು. ಟಿಇಟಿ ಎಂಬುದು ಅರ್ಹತೆಯ ಪರೀಕ್ಷೆ. ಸರ್ಕಾರಿ ನೇಮಕಾತಿಯು ಲಿಖಿತ ಸ್ಪರ್ಧಾತ್ಮಕ ಪರೀಕ್ಷೆಯ ಮೇಲೆ ನಡೆಯುತ್ತದೆ. ಅಲ್ಲಿ ಪಾಠ ಮಾಡಿ ತೋರಿಸುವುದಿಲ್ಲ. ಇದಕ್ಕೆ ಬೇರೆ ಚರ್ಚೆ ತೆರೆಯಿರಿ.

ಗೋಕಾಕದ ಗಣಿತ ಮಾಸ್ತರ

ನಿಮ್ಮ ದೋಷ ಬೋಧನೋಪಕರಣ ಇಲ್ಲದಿರುವುದು. ಒಂದು ರೊಟ್ಟಿಯ ಚಿತ್ರ ಬರೆದು ಅರ್ಧ ಭಾಗಕ್ಕೆ ಬಣ್ಣ ಹಚ್ಚಿ, ಇನ್ನೊಂದು ರೊಟ್ಟಿಯ ಮೂರನೆಯ ಒಂದು ಭಾಗಕ್ಕೆ ಬಣ್ಣ ಹಚ್ಚಿದ್ದರೆ ಮಕ್ಕಳಿಗೆ ತಾನಾಗಿಯೇ ತಿಳಿಯುತ್ತಿತ್ತು. ಎರಡನೆಯದಾಗಿ, “ತಪ್ಪು” ಎಂಬ ಶಬ್ದವನ್ನು ಡೆಮೊದಲ್ಲಿ ಎಂದಿಗೂ ಆಡಬಾರದು. “ಒಳ್ಳೆಯ ಪ್ರಯತ್ನ, ಚಪ್ಪಾಳೆ” ಎಂದು ಹೇಳಿ ಮುಂದಿನ ಮಗುವನ್ನು ಕೇಳಬೇಕು.

ಜಮಖಂಡಿಯ ನಿವೃತ್ತ ಮುಖ್ಯಗುರು

ನಾನು ಅನೇಕ ವರ್ಷ ಇಂತಹ ಸಂದರ್ಶನಗಳಲ್ಲಿ ಆ ಬೆಂಚಿನ ಮೇಲೆ ಕುಳಿತವನು. ಆದ್ದರಿಂದ ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ.

ಆ ಶಿಕ್ಷಕಿ 2/5 ಎಂದದ್ದು ಬಾಯಿಗೆ ಬಂದ ಸಂಖ್ಯೆಯಲ್ಲ. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದರೆ ಬರುವ ಉತ್ತರ ಅದು, ಮತ್ತು ಈ ಪಾಠವನ್ನು ಒಮ್ಮೆಯಾದರೂ ನಿಜವಾದ ತರಗತಿಯಲ್ಲಿ ಮಾಡಿದವರೆಲ್ಲರೂ ಅದನ್ನು ಕೇಳಿಯೇ ಇರುತ್ತಾರೆ. ಈ ಉತ್ತರ ಬರುತ್ತದೆ ಎಂದು ನೀವು ಮನೆಯಲ್ಲಿಯೇ ಊಹಿಸಿದ್ದಿರೋ ಇಲ್ಲವೋ ಎಂಬುದು ಅವರ ಪರೀಕ್ಷೆಯಾಗಿತ್ತು. ನೀವು ಬೇರೆಯವರನ್ನು ಕೇಳಿದ ಕ್ಷಣವೇ ಅವರಿಗೆ ಉತ್ತರ ಸಿಕ್ಕಿತು. ಗೋಕಾಕದ ಮಾಸ್ತರರು ಹೇಳಿದಂತೆ ಚಪ್ಪಾಳೆ ತಟ್ಟಿಸಿ ಮುಂದೆ ಹೋಗಿದ್ದರೂ ಫಲ ಅಷ್ಟೇ ಇರುತ್ತಿತ್ತು, ಏಕೆಂದರೆ ಎರಡರಲ್ಲಿಯೂ ಮಗುವಿನ ಲೆಕ್ಕ ಹಾಗೆಯೇ ಉಳಿಯುತ್ತದೆ.

ನಾನಾಗಿದ್ದರೆ ಹೀಗೆ ಮಾಡುತ್ತಿದ್ದೆ. ಮೊದಲು 2/5 ಎಂಬುದನ್ನು ಹಲಗೆಯ ಒಂದು ಮೂಲೆಯಲ್ಲಿ ಬರೆದು, “ಹೇಗೆ ಬಂತು, ಹೇಳಪ್ಪ” ಎಂದು ಕೇಳುತ್ತಿದ್ದೆ. ಸರಿಯಾದ ಉತ್ತರ ಬಂದಾಗಲೂ ಇದನ್ನೇ, ಇದೇ ಧ್ವನಿಯಲ್ಲಿ ಕೇಳಬೇಕು. ಇಲ್ಲವಾದರೆ “ಹೇಗೆ” ಎಂದರೆ “ತಪ್ಪು” ಎಂದೇ ಅರ್ಥವೆಂದು ಮಕ್ಕಳು ಎರಡು ದಿನದಲ್ಲಿ ಕಂಡುಹಿಡಿಯುತ್ತಾರೆ. ಮಗು ಕ್ರಮ ಹೇಳಿದ ಮೇಲೆ, “ಐದರ ಅರ್ಧ ಎಷ್ಟು?” ಎಂದು ಕೇಳಬೇಕು. ಎರಡೂವರೆ. ಹಾಗಾದರೆ ಐದರಲ್ಲಿ ಎರಡು ಎಂದರೆ ಅರ್ಧಕ್ಕಿಂತ ಕಡಿಮೆ. “ಅರ್ಧ ಇತ್ತು, ಅದಕ್ಕೆ ಇನ್ನಷ್ಟು ಸೇರಿಸಿದೆವು, ಅರ್ಧಕ್ಕಿಂತ ಕಡಿಮೆ ಆಯಿತೇ?” ಎಂದು ಕೇಳಿ ಸುಮ್ಮನಿರಬೇಕು. ಈ ಸುಮ್ಮನಿರುವುದೇ ಕಷ್ಟ. ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿ ಪಾಠಗಳನ್ನು ಧ್ವನಿಮುದ್ರಿಸಿಕೊಂಡು ನೋಡಿದಾಗ, ಶಿಕ್ಷಕರು ಪ್ರಶ್ನೆ ಕೇಳಿದ ಮೇಲೆ ಸುಮಾರು ಒಂದು ಸೆಕೆಂಡು ಮಾತ್ರ ಕಾಯುತ್ತಿದ್ದರು. ಮೂರು ಸೆಕೆಂಡು ಕಾದಾಗ ಮಕ್ಕಳ ಉತ್ತರಗಳು ಉದ್ದವಾದವು ಮತ್ತು ಹೆಚ್ಚು ಮಕ್ಕಳು ಮಾತನಾಡಿದರು. ಡೆಮೊದಲ್ಲಿ ಮೂರು ಸೆಕೆಂಡು ಮೂರು ನಿಮಿಷದಂತೆ ಅನ್ನಿಸುತ್ತದೆ. ಮನಸ್ಸಿನಲ್ಲಿ ಎಣಿಸಿಕೊಳ್ಳಿ.

ಆಮೇಲೆ ಉಪಕರಣ. ದುಂಡಗಿನ ರೊಟ್ಟಿಯನ್ನು ಮೂರು ಸಮ ಪಾಲು ಮಾಡುವುದು ಹಲಗೆಯ ಮೇಲೆ ದೊಡ್ಡವರಿಗೂ ಸಾಧ್ಯವಾಗುವುದಿಲ್ಲ, ಪಾಲು ಓರೆಯಾಗಿ ಪಾಠವೇ ಕೆಡುತ್ತದೆ. ಚೌಕಳಿ ಗೆರೆಯ ಗಣಿತದ ನೋಟ್‌ಬುಕ್ಕಿನಿಂದ ಆರು ಚೌಕದ ಎರಡು ಪಟ್ಟಿಗಳನ್ನು ಕತ್ತರಿಸಿಕೊಳ್ಳಿ. ಒಂದರಲ್ಲಿ ಅರ್ಧ ಎಂದರೆ ಮೂರು ಚೌಕ, ಇನ್ನೊಂದರಲ್ಲಿ ಮೂರನೆಯ ಒಂದು ಭಾಗ ಎಂದರೆ ಎರಡು ಚೌಕ. ಒಟ್ಟು ಐದು ಚೌಕ, ಆರರಲ್ಲಿ ಐದು. ಲ.ಸಾ.ಅ. ಎಂಬ ಮಾತು ಬರುವುದು ಇದಾದ ಮೇಲೆ, “ಆರು ಚೌಕದ ಪಟ್ಟಿಯನ್ನೇ ಏಕೆ ತಂದೆ, ಐದು ಚೌಕದ್ದನ್ನು ಏಕೆ ತರಲಿಲ್ಲ?” ಎಂಬ ಪ್ರಶ್ನೆಯಿಂದ.

ಗೋಕಾಕದ ಗಣಿತ ಮಾಸ್ತರ

ಗುರುಗಳೇ, ಒಪ್ಪಿದೆ, ಮೂರು ಪಾಲಿನ ವಿಷಯದಲ್ಲಿ ನೀವು ಹೇಳಿದ್ದು ಸರಿ. ಆದರೆ ಹದಿನೈದು ನಿಮಿಷದಲ್ಲಿ ಒಂದೇ ಮಗುವಿನ ಹಿಂದೆ ನಾಲ್ಕು ನಿಮಿಷ ಕಳೆದರೆ ಪಾಠ ಮುಗಿಯುವುದು ಯಾವಾಗ? ಅಪೂರ್ಣ ಪಾಠಕ್ಕೆ ಯಾರು ಅಂಕ ಕೊಡುತ್ತಾರೆ? ಅಡ್ಡ ಗುಣಾಕಾರ ಕಲಿಸಿದರೆ ಅರ್ಧ ನಿಮಿಷದ ಕೆಲಸ.

ಜಮಖಂಡಿಯ ನಿವೃತ್ತ ಮುಖ್ಯಗುರು

ಪಾಠ ಮುಗಿಯದಿರುವುದು ಪಾಠವನ್ನು ಅತಿಯಾಗಿ ತುಂಬಿಕೊಂಡದ್ದರಿಂದ. ಈ ತಂಗಿ ಒಂದೇ ಡೆಮೊದಲ್ಲಿ ಪೀಠಿಕೆ, ಸಮಛೇದ, ಭಿನ್ನಛೇದ, ಲ.ಸಾ.ಅ. ಎಲ್ಲವನ್ನೂ ಇಟ್ಟುಕೊಂಡಿದ್ದರು, ನಿಜವಾದ ಶಾಲೆಯಲ್ಲಿ ಅದು ನಾಲ್ಕೈದು ಅವಧಿಗಳ ಕೆಲಸ. “ಭಿನ್ನಛೇದವಿದ್ದಾಗ ನೇರವಾಗಿ ಕೂಡಿಸಲು ಬರುವುದಿಲ್ಲ, ಒಂದೇ ಅಳತೆಯ ತುಂಡು ಬೇಕು” ಎಂಬ ಒಂದೇ ಸಂಗತಿ ಹದಿನೈದು ನಿಮಿಷಕ್ಕೆ ಸಾಕು. ಪಾಠಯೋಜನೆಯ ಹಾಳೆಯಲ್ಲಿ ಕಲಿಕಾ ಫಲವೆಂದು ಅದನ್ನೊಂದನ್ನೇ ಬರೆದು, ಆ ಹಾಳೆಯನ್ನು ಮೊದಲೇ ಮಂಡಳಿಯವರ ಕೈಗೆ ಕೊಡಿ. ಆಗ ನೀವು ಬಿಟ್ಟಿದ್ದು ಮರೆವಿನಿಂದಲ್ಲ ಎಂದು ಅವರಿಗೆ ತಿಳಿಯುತ್ತದೆ. ಹದಿನೈದು ಎಂದು ಹೇಳಿ ಏಳೆಂಟನೆಯ ನಿಮಿಷಕ್ಕೇ “ಸಾಕು” ಎನ್ನುವ ಮಂಡಳಿಗಳೂ ಉಂಟು. ಆದ್ದರಿಂದ ಪೀಠಿಕೆಗೆ ಒಂದೂವರೆ ನಿಮಿಷಕ್ಕಿಂತ ಹೆಚ್ಚು ಕೊಡಬೇಡಿ.

ಪೀಠಿಕೆಯೂ ಸಂತೆಯಲ್ಲಿಯೇ ಇದೆ. ಅರ್ಧ ಕಿಲೋ ಬದನೆಕಾಯಿ, ಪಾವ್ ಕಿಲೋ ಮೆಣಸಿನಕಾಯಿ ಒಂದೇ ಚೀಲಕ್ಕೆ ಹಾಕಿದರೆ ಮುಕ್ಕಾಲು ಕಿಲೋ ಎಂದು ನಮ್ಮ ಮಕ್ಕಳಿಗೆ ಶಾಲೆಗೆ ಬರುವ ಮೊದಲೇ ಗೊತ್ತು. ಮೇಲೆ ಕೆಳಗೆ ಕೂಡಿಸುವ ಕ್ರಮದಲ್ಲಿ ಅದೇ 1/2 + 1/4 ಎಂಬುದು 2/6 ಆಗುತ್ತದೆ, ಅಂದರೆ ಅರ್ಧ ಕಿಲೋಕ್ಕಿಂತ ಹಗುರಾದ ಚೀಲ.

ನವನಗರದವರು

ಇದೆಲ್ಲ ಕೇಳಲು ಚೆನ್ನಾಗಿದೆ, ಗುರುಗಳೇ. ಆದರೆ ಇಂಗ್ಲಿಷ್ ಮಾಧ್ಯಮದ ಶಾಲೆಗಳಲ್ಲಿ ಆಡಳಿತ ಮಂಡಳಿಯವರು ನೋಡುವುದು ಇಂಗ್ಲಿಷ್ ಸರಾಗವಾಗಿದೆಯೇ ಎಂಬುದನ್ನು ಮಾತ್ರ. ಪಾವ್ ಕಿಲೋ ಎಂದರೆ ಮುಖ ಸಿಂಡರಿಸುತ್ತಾರೆ. ನನ್ನ ಹೆಂಡತಿಯ ಅನುಭವವಿದು.

ಜಮಖಂಡಿಯ ನಿವೃತ್ತ ಮುಖ್ಯಗುರು

ಅಂತಹವರೂ ಇದ್ದಾರೆ, ಅಲ್ಲಗಳೆಯುವುದಿಲ್ಲ. ಆ ತಾಯಿಗೆ ಅಲ್ಲಿ ಕೆಲಸ ಸಿಗದಿದ್ದುದು ಒಳ್ಳೆಯದೇ ಆಯಿತೋ ಏನೋ.

ಖಾನಾಪುರದ ಅಕ್ಕೋರು

ಎಲ್ಲರೂ ಗಣಿತವನ್ನೇ ಹಿಡಿದು ಕುಳಿತಿರುವುದರಿಂದ, ಎರಡನೆಯ ಪ್ರಶ್ನೆಗೆ ನಾನು ಬರುತ್ತೇನೆ. ಹಿಂದಿನ ಬೆಂಚಿನ ಇಬ್ಬರು ಮಾತನಾಡುತ್ತಿದ್ದರೆ ಜಾಗ ಬದಲಾಯಿಸುತ್ತೇನೆ ಎಂಬ ಉತ್ತರದಲ್ಲಿರುವ ಕೊರತೆ ಏನೆಂದರೆ, ಅವರು ಏಕೆ ಮಾತನಾಡುತ್ತಿದ್ದಾರೆ ಎಂದು ನೀವು ಕೇಳಿಕೊಳ್ಳಲೇ ಇಲ್ಲ, ಮತ್ತು ಜಾಗ ಬದಲಾಯಿಸಲು ಪಾಠವನ್ನು ನಿಲ್ಲಿಸಬೇಕಾಗುತ್ತದೆ. ಇಬ್ಬರು ಮಾತನಾಡುತ್ತಿದ್ದುದು ಆಗ ನಲವತ್ತು ಮಕ್ಕಳ ನೋಟಕ್ಕೆ ಗುರಿಯಾಗುತ್ತದೆ.

ನನ್ನ ಮೊದಲ ವರ್ಷದ ಒಂದು ಘಟನೆ ಹೇಳುತ್ತೇನೆ. ಕೊನೆಯ ಬೆಂಚಿನ ಒಬ್ಬ ಹುಡುಗ ಪ್ರತಿದಿನ ಪಕ್ಕದವನೊಂದಿಗೆ ಪಿಸುಗುಟ್ಟುತ್ತಿದ್ದ. ಎರಡು ಸಲ ಗದರಿಸಿದೆ, ಮೂರನೆಯ ಸಲ ಅವನನ್ನು ಒಂಟಿಯಾಗಿ ಕೂರಿಸಿದೆ. ಅಂದಿನಿಂದ ಅವನ ನೋಟ್‌ಬುಕ್ ಖಾಲಿ ಉಳಿಯತೊಡಗಿತು. ಒಂದು ಮಧ್ಯಾಹ್ನ ನಾನೇ ಆ ಮೂಲೆಯಲ್ಲಿ ಕುಳಿತು ನೋಡಿದಾಗ, ಕಿಟಕಿಯ ಬೆಳಕು ಬಿದ್ದು ಹಲಗೆಯ ಬಲಭಾಗ ಹೊಳೆಯುತ್ತಿತ್ತು ಮತ್ತು ಅಲ್ಲಿಂದ ಒಂದಕ್ಷರವೂ ಕಾಣುತ್ತಿರಲಿಲ್ಲ. ಅವನು ಪಿಸುಗುಟ್ಟುತ್ತಿದ್ದುದು “ಏನ್ ಬರದಾರೋ?” ಎಂದು. ಆ ಹುಡುಗನ ಮುಖ ನೆನಪಾದರೆ ಇಂದಿಗೂ ನಾಚಿಕೆಯಾಗುತ್ತದೆ.

ಆದ್ದರಿಂದ ಸಂದರ್ಶನದಲ್ಲಿ ನಾನು ಕ್ರಮವಾಗಿ ಹೇಳುವುದು ಹೀಗೆ. ಪಾಠ ನಿಲ್ಲಿಸದೆ ಆ ಬೆಂಚಿನ ಕಡೆಗೆ ನಡೆದು ಹೋಗಿ ಅಲ್ಲಿಂದಲೇ ಎರಡು ವಾಕ್ಯ ಹೇಳುತ್ತೇನೆ. ಬಹಳಷ್ಟು ಸಲ ಅಷ್ಟಕ್ಕೇ ಮುಗಿಯುತ್ತದೆ. ಮುಗಿಯದಿದ್ದರೆ ಅವರ ನೋಟ್‌ಬುಕ್ ನೋಡುತ್ತೇನೆ, ಏಕೆಂದರೆ ಹಲಗೆ ಕಾಣದವನು, ಅರ್ಥವಾಗದವನು ಮತ್ತು ಬೇಗ ಮುಗಿಸಿ ಬೇಸರಗೊಂಡವನು ಮೂವರೂ ಮಾತನಾಡುತ್ತಾರೆ, ಆದರೆ ಮೂವರ ನೋಟ್‌ಬುಕ್ ಬೇರೆ ಬೇರೆಯಾಗಿರುತ್ತದೆ. ಗದರಿಸುವುದಿದ್ದರೆ ಅವಧಿ ಮುಗಿದ ಮೇಲೆ, ಒಬ್ಬನನ್ನೇ ಕರೆದು. ಇನ್ನೊಂದು ಸಣ್ಣ ವಿಷಯ: ಹಲಗೆಯ ಮೇಲೆ ಬರೆಯುವಾಗ ಪೂರ್ತಿ ಬೆನ್ನು ಮಾಡದೆ ಓರೆಯಾಗಿ ನಿಂತು ಬರೆಯುವ ರೂಢಿ ಮಾಡಿಕೊಳ್ಳಿ. “ನೀವು ಬರೆಯುವಾಗ” ಎಂದು ಅವರು ಪ್ರಶ್ನೆಯಲ್ಲಿಯೇ ಸೇರಿಸಿದ್ದು, ನೀವು ಬಹಳ ಹೊತ್ತು ಬೆನ್ನು ಮಾಡಿ ನಿಂತಿದ್ದಿರಿ ಎಂಬುದರ ಸೂಚನೆಯೂ ಇರಬಹುದು.

ಹುನಗುಂದದ ಪಾಲಕ

ನಮ್ಮ ಕಾಲದಲ್ಲಿ ಮಾಸ್ತರರು ಒಮ್ಮೆ ಬೆತ್ತ ಮುಟ್ಟಿದರೆ ಇಡೀ ಕೊಠಡಿ ನಿಶ್ಶಬ್ದವಾಗುತ್ತಿತ್ತು. ನಾವೇನು ಕಲಿಯಲಿಲ್ಲವೇ? ನನ್ನ ಮಗನ ಶಾಲೆಯಲ್ಲಿ ನಾನೇ ಹೇಳಿದ್ದೇನೆ, “ಎರಡ ಬಡೀರಿ ಸರ, ನಾವ್ ಏನೂ ಅನ್ನಂಗಿಲ್ಲ” ಎಂದು.

ಖಾನಾಪುರದ ಅಕ್ಕೋರು

ಅಣ್ಣಾವರೇ, ನೀವು ಅನುಮತಿ ಕೊಟ್ಟರೂ ನಮಗೆ ಅದು ನಿಷಿದ್ಧ. ಶಿಕ್ಷಣ ಹಕ್ಕು ಕಾಯ್ದೆ 2009ರ 17ನೆಯ ಕಲಮಿನಲ್ಲಿ ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸಲಾಗಿದೆ. ಮೀರಿದವರ ಮೇಲೆ ಶಿಸ್ತು ಕ್ರಮವಿದೆ. ತಂಗಿ, ಇವರ ಮಾತು ನಿಮಗೆ ಉಪಯೋಗಕ್ಕೆ ಬರುತ್ತದೆ, ಏಕೆಂದರೆ “ಪಾಲಕರೇ ಹೊಡೆಯಿರಿ ಎಂದರೆ ಏನು ಮಾಡುತ್ತೀರಿ?” ಎಂದು ಸಂದರ್ಶನದಲ್ಲಿ ಕೇಳುವುದುಂಟು. ಕಾನೂನಿನ ಹೆಸರು ಹೇಳಿ ನಿಲ್ಲಿಸಬೇಡಿ. ನಾನು ಆ ಪಾಲಕರನ್ನು ಕೂರಿಸಿ, ಮನೆಯಲ್ಲಿ ಹುಡುಗ ಯಾವ ಕೆಲಸವನ್ನು ಹೇಳಿಸಿಕೊಳ್ಳದೆ ಮಾಡುತ್ತಾನೆ ಎಂದು ಕೇಳುತ್ತೇನೆ. ದೂರು ಹೇಳಲು ಬಂದವರು ಮಗನ ಬಗ್ಗೆ ಬೇರೆ ಮಾತು ಆಡತೊಡಗುತ್ತಾರೆ, ಮತ್ತು ಆ ಕೆಲಸವೇ ನನಗೆ ತರಗತಿಯಲ್ಲಿ ಬೇಕಾದ ಹಿಡಿ.

ಹುನಗುಂದದ ಪಾಲಕ

ಎತ್ತುಗಳಿಗೆ ಮೇವು ಹಾಕುವುದು. ಅದೊಂದನ್ನು ಯಾರೂ ಹೇಳಬೇಕಾಗಿಲ್ಲ.

ಮುದ್ದೇಬಿಹಾಳದ ಅಭ್ಯರ್ಥಿ

ಕ್ಷಮಿಸಿ, ವಿಷಯಕ್ಕೇ ಬರುತ್ತೇನೆ. “2/5 ಯಾವಾಗಲಾದರೂ ಸರಿಯಾಗುತ್ತದೆಯೇ?” ಎಂದು ನಮ್ಮ ಬಿ.ಇಡಿ. ಕಾಲೇಜಿನ ಅಭ್ಯಾಸ ಪಾಠದಲ್ಲಿ ಕೇಳಿದ್ದರು. ನಾನು ಇಲ್ಲ ಎಂದಿದ್ದೆ. ಅವರು ನಕ್ಕು ಸುಮ್ಮನಾದರು. ಏಕೆಂದು ಇಂದಿಗೂ ತಿಳಿದಿಲ್ಲ.

ಜಮಖಂಡಿಯ ನಿವೃತ್ತ ಮುಖ್ಯಗುರು

ಚೆನ್ನಾದ ಪ್ರಶ್ನೆ. ಒಂದು ತಂಡ ಬೆಳಿಗ್ಗೆ ಎರಡು ಕಬಡ್ಡಿ ಪಂದ್ಯಗಳಲ್ಲಿ ಒಂದನ್ನು ಗೆದ್ದಿತು, ಸಂಜೆ ಮೂರರಲ್ಲಿ ಒಂದನ್ನು ಗೆದ್ದಿತು. ಒಟ್ಟು ಐದು ಪಂದ್ಯಗಳಲ್ಲಿ ಎರಡು ಗೆಲುವು. ಇಲ್ಲಿ 2/5 ಸರಿಯೇ ಹೌದು, ಏಕೆಂದರೆ ಎರಡೂ ಕಡೆ ಪೂರ್ಣವು ಬೇರೆ ಬೇರೆಯಾಗಿದ್ದು ಅವುಗಳನ್ನೂ ನಾವು ಒಂದುಗೂಡಿಸಿದ್ದೇವೆ. ಕೂಡಿಸುವ ಲೆಕ್ಕದಲ್ಲಿ ಪೂರ್ಣ ಒಂದೇ. ಮಗು ಬೇರೊಂದು ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟಿರುತ್ತದೆ. ಇದನ್ನು 6ನೆಯ ತರಗತಿಗೆ ಅಂದೇ ಹೇಳಬೇಕೆಂದಿಲ್ಲ; ಮಂಡಳಿಯವರು “ಮಗು ಏನು ಯೋಚಿಸುತ್ತಿದೆ” ಎಂದು ಕೇಳಿದಾಗ ಹೇಳಿದರೆ ಸಾಕು.

ಗೋಕಾಕದ ಗಣಿತ ಮಾಸ್ತರ

ಇದು ಮಕ್ಕಳನ್ನು ಗೊಂದಲಕ್ಕೆ ಕೆಡವುವ ಮಾತು ಎಂದೇ ನನ್ನ ಅಭಿಪ್ರಾಯ. ತಪ್ಪನ್ನು ಸಮರ್ಥಿಸುತ್ತಾ ಹೋದರೆ ಕೊನೆಗೆ ಮಗು ನೆನಪಿಡುವುದು ಅದನ್ನೇ.

ಖಾನಾಪುರದ ಅಕ್ಕೋರು

ಗಡಿಭಾಗದವರಿಗೆ ಒಂದು ಮಾತು. ನಮ್ಮ ಕಡೆ ಮನೆಯಲ್ಲಿ ಮರಾಠಿ ಮಾತನಾಡುವ ಮಕ್ಕಳು ಕನ್ನಡ ಶಾಲೆಗೂ ಬರುತ್ತಾರೆ. ಭಿನ್ನರಾಶಿ ಎಂದಾಗ ಮಿಕಿಮಿಕಿ ನೋಡುವ ಹುಡುಗಿಗೆ “ಅಪೂರ್ಣಾಂಕ” ಎಂದರೆ ಕಣ್ಣು ಅರಳುತ್ತದೆ. ಅಂಶ, ಛೇದ ಎಂಬ ಶಬ್ದಗಳು ಎರಡೂ ಭಾಷೆಗಳಲ್ಲಿ ಒಂದೇ ಇರುವುದರಿಂದ ಮುಂದಿನ ದಾರಿ ಸುಲಭ. ಬೆಳಗಾವಿಯ ಕಡೆ ಸಂದರ್ಶನವಿದ್ದರೆ ಇದು ಕೈಯಲ್ಲಿರಲಿ.

ಸಿಂದಗಿಯ ಹೊಸ ಶಿಕ್ಷಕಿ

ಎಲ್ಲರಿಗೂ ಧನ್ಯವಾದಗಳು. ಶನಿವಾರ ನಡೆದದ್ದನ್ನು ತಿಳಿಸಲು ಬಂದೆ.

ಈ ಸಲ ನಿಜವಾದ ಮಕ್ಕಳನ್ನೇ ಕೂರಿಸಿದ್ದರು, ಇಪ್ಪತ್ತೆರಡು ಜನ. ಸಂತೆಯ ಪೀಠಿಕೆ ಸರಾಗವಾಗಿ ನಡೆಯಿತು. ಅನಂತರ ನಾನು 2/5 ಬರುತ್ತದೆ ಎಂದು ಕಾಯುತ್ತಾ 1/2 + 1/3 ಎಷ್ಟೆಂದು ಕೇಳಿದರೆ, ಮುಂದಿನ ಬೆಂಚಿನ ಹುಡುಗನೊಬ್ಬ ಒಂದೇ ಉಸಿರಿಗೆ “5/6” ಎಂದ! ಸರಿಯಾದ ಉತ್ತರಕ್ಕೆ ನಾನು ಸಿದ್ಧಳಿರಲಿಲ್ಲ. ಗುರುಗಳ ಮಾತು ನೆನಪಾಗಿ “ಹೇಗೆ ಬಂತು?” ಎಂದೆ. “ಅಡ್ಡ ಗುಣಿಸೀನ್ರಿ, ಟ್ಯೂಷನ್‌ನಾಗ ಹೇಳ್ಯಾರ” ಎಂದ. ಏಕೆ ಅಡ್ಡ ಗುಣಿಸಬೇಕು ಎಂದು ಕೇಳಿದಾಗ ಸುಮ್ಮನಾದ. ಆಗ ಎರಡು ಪಟ್ಟಿಗಳನ್ನು ಅವನ ಕೈಗೆ ಕೊಟ್ಟು ಬಣ್ಣ ಹಚ್ಚಿ ತೋರಿಸು ಎಂದೆ. ಒಂದರಲ್ಲಿ ಮೂರು ಚೌಕ, ಇನ್ನೊಂದರಲ್ಲಿ ಎರಡು ಚೌಕಗಳಿಗೆ ಸರಿಯಾಗಿ ಹಚ್ಚಿದ. ಎರಡನ್ನೂ ಪಕ್ಕ ಪಕ್ಕ ಇಟ್ಟು ಎಣಿಸಿ, “ಹನ್ನೆರಡರಾಗ ಐದು” ಎಂದು 5/12 ಬರೆದ. ಆಮೇಲೆ ಅವನೇ 5/6 ಮತ್ತು 5/12 ಎರಡನ್ನೂ ನೋಡುತ್ತಾ ನಿಂತ. ಉಳಿದ ಮಕ್ಕಳು ನಗತೊಡಗಿದರು. ನಾನು ನಕ್ಕವರ ಬೆಂಚಿನ ಹತ್ತಿರ ಹೋಗಿ ನಿಂತು, “ಇವನ ಎಣಿಕೆಯಲ್ಲಿ ಯಾವ ಚೌಕ ಹೆಚ್ಚು ಬಂತು?” ಎಂದು ಅವರನ್ನೇ ಕೇಳಿದೆ. ನಗು ನಿಂತಿತು, ಉತ್ತರ ಮಾತ್ರ ಬರಲಿಲ್ಲ. ಏಳನೆಯ ನಿಮಿಷಕ್ಕೆ “ಸಾಕು” ಎಂದರು.

ಜಮಖಂಡಿಯ ನಿವೃತ್ತ ಮುಖ್ಯಗುರು

ತಂಗಿ, ಈ ದೋಷ ನನ್ನದು. ಎರಡು ಪಟ್ಟಿ ಎಂದು ಬರೆದವನು ನಾನೇ. ಎರಡು ಪಟ್ಟಿ ಎದುರಿಗಿದ್ದರೆ ಪೂರ್ಣ ಯಾವುದು ಎಂಬುದು ಮಗುವಿಗೆ ಕಾಣದೆ ಹನ್ನೆರಡೂ ಚೌಕಗಳನ್ನು ಎಣಿಸುವುದು ಸಹಜ. ಕಬಡ್ಡಿಯ ಉದಾಹರಣೆಯಲ್ಲಿ ಪೂರ್ಣದ ಬಗ್ಗೆ ಅಷ್ಟು ಬರೆದೂ ಇದು ನನಗೆ ಹೊಳೆಯಲಿಲ್ಲ. ಎರಡನೆಯ ಪಟ್ಟಿಯ ಆ ಎರಡು ಬಣ್ಣದ ಚೌಕಗಳನ್ನು ಕತ್ತರಿಸಿ, ಮೊದಲನೆಯ ಪಟ್ಟಿಯ ಖಾಲಿ ಚೌಕಗಳ ಮೇಲೆ ಇಡಿಸಿದ್ದರೆ ಒಂದು ಚೌಕ ಮಾತ್ರ ಖಾಲಿ ಉಳಿಯುತ್ತಿತ್ತು.

ಗೋಕಾಕದ ಗಣಿತ ಮಾಸ್ತರ

ನನ್ನ ರೊಟ್ಟಿಯಾಗಿದ್ದರೆ ಒಂದರ ಮೇಲೊಂದು ಇಡಬಹುದಿತ್ತು ಎಂದು ಹೇಳಬೇಕೆಂದಿದ್ದೆ. ಆದರೆ ನಾನೂ ಎರಡು ರೊಟ್ಟಿ ಎಂದೇ ಬರೆದಿದ್ದೇನೆ.

ಮುದ್ದೇಬಿಹಾಳದ ಅಭ್ಯರ್ಥಿ

ತರಗತಿ ನಿರ್ವಹಣೆಯ ಪ್ರಶ್ನೆ ಏನು ಕೇಳಿದರು?

ಸಿಂದಗಿಯ ಹೊಸ ಶಿಕ್ಷಕಿ

ಒಂದೇ ಪ್ರಶ್ನೆ: ಕಬ್ಬು ಕಡಿಯಲು ತಂದೆತಾಯಿಯ ಜೊತೆ ಗುಳೆ ಹೋಗಿ ಮೂರು ತಿಂಗಳ ಮೇಲೆ ಮರಳಿದ ಹುಡುಗಿ ಇದೇ ಪಾಠದ ನಡುವೆ ಬಂದು ಕುಳಿತರೆ ಏನು ಮಾಡುತ್ತೀರಿ? ಅವಳಿಗೆ ಕಬ್ಬಿನ ಹೊರೆಯ ಅರ್ಧ, ಕಾಲು ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುತ್ತದೆ, ಪೀಠಿಕೆಯನ್ನು ಅವಳಿಂದಲೇ ಹೇಳಿಸುತ್ತೇನೆ ಎಂದೆ. ಅದಕ್ಕೆ ಮುಖ್ಯೋಪಾಧ್ಯಾಯಿನಿ, “ಅವಳಿಗೆ ಎಲ್ಲರೆದುರು ಆ ಮಾತು ಹೇಳಲು ಇಷ್ಟವಿಲ್ಲದಿದ್ದರೆ?” ಎಂದರು. ಉತ್ತರ ತೋಚಲಿಲ್ಲ. ಬುಧವಾರ ತಿಳಿಸುತ್ತೇವೆ ಎಂದಿದ್ದಾರೆ.

ಖಾನಾಪುರದ ಅಕ್ಕೋರು

ಮೊದಲ ದಿನ ಅವಳನ್ನು ಏನೂ ಕೇಳಬೇಡಿ. ಜಾಣ ಹುಡುಗಿಯೊಬ್ಬಳ ಪಕ್ಕ ಕೂರಿಸಿ, ಒಂದು ಪಟ್ಟಿ ಮತ್ತು ಪೆನ್ಸಿಲ್ ಕೊಡಿ. ಬುಧವಾರ ಏನಾಯಿತೆಂದು ಬರೆಯಿರಿ.